ಸೀರೆ ಮಾರಾಟವಾಯ್ತು, ಕೂಲಿ ಎಲ್ಲಿ ಹೋಯ್ತು? ಆನ್‌ಲೈನ್ ಬೆಲೆಯ ಒಳಲೆಕ್ಕ

‘ದಲ್ಲಾಳಿ ಬೇಡ, ಆನ್‌ಲೈನ್‌ನಲ್ಲಿ ನೀವೇ ಮಾರಿ’ ಎಂಬ ಉಪದೇಶ ನೇಕಾರರಿಗೆ ಎಲ್ಲ ಕಡೆಯಿಂದ ಸಿಗುತ್ತೆ. ಬೆಲೆ ಎಷ್ಟಿಡಬೇಕು ಅನ್ನೋದನ್ನು ಮಾತ್ರ ಯಾರೂ ಕೂತು ಹೇಳಿಕೊಡಲ್ಲ. ಪರಿಚಯದ ಕೆಲ ನೇಕಾರ ಕುಟುಂಬಗಳ ಆನ್‌ಲೈನ್ ಲೆಕ್ಕವನ್ನು ನಾನು ನೋಡಿಕೊಡುತ್ತೇನೆ. ಅಲ್ಲಿ ಕಾಣುವುದು ಒಂದೇ ಕತೆ: ಆರ್ಡರ್ ಬರ್ತಿರುತ್ತೆ, ಕೈಗೆ ಏನೂ ಉಳಿಯಲ್ಲ.

ಒಂದು ಹತ್ತಿ ಸೀರೆಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ನಿಮ್ಮ ವೇದಿಕೆಯ ದರಪಟ್ಟಿ ನೋಡಿ ಬದಲಿಸಿಕೊಳ್ಳಿ. ನೂಲು, ಬಣ್ಣ, ಕೂಲಿ ಸೇರಿ 700 ರೂಪಾಯಿ, ಪ್ಯಾಕಿಂಗ್‌ಗೆ 20. ಲಾಭ 120 ಉಳಿಯಬೇಕು. ವೇದಿಕೆ 10% ಕಮಿಷನ್, 25 ರೂಪಾಯಿ ನಿಗದಿತ ಶುಲ್ಕ, 70 ರೂಪಾಯಿ ಸಾಗಣೆ ಹಿಡಿದುಕೊಳ್ಳುತ್ತೆ ಅಂದುಕೊಳ್ಳಿ.

ಹೆಚ್ಚಿನವರು ಮಾಡುವ ಲೆಕ್ಕ ಹೀಗಿರುತ್ತೆ: 720ಕ್ಕೆ ಲಾಭ 120 ಸೇರಿ 840, ಅದರ 10% ಅಂದರೆ 84, ಶುಲ್ಕ-ಸಾಗಣೆ 95. ಒಟ್ಟು 1019. ನೋಡೋಕೆ ಸರಿಯಾಗೇ ಇದೆ. ಆದರೆ ಇದರಲ್ಲಿ ಮೂರು ಸೋರಿಕೆಗಳಿವೆ.

ಮೊದಲನೆಯದು, ಕಮಿಷನ್ ಕತ್ತರಿಸೋದು ನಿಮ್ಮ 840ರ ಮೇಲಲ್ಲ, ಗ್ರಾಹಕ ಕೊಡುವ ಪೂರ್ತಿ ಬೆಲೆಯ ಮೇಲೆ. ಎರಡನೆಯದು, ವೇದಿಕೆಯ ಸೇವೆಗಳ ಮೇಲೆ 18% ಜಿಎಸ್‌ಟಿ ಇದೆ. ಹಾಗಾಗಿ 10% ಕಮಿಷನ್ ನಿಜದಲ್ಲಿ 11.8%, 95 ರೂಪಾಯಿ ಆಗೋದು 112. ಜಿಎಸ್‌ಟಿ ನೋಂದಣಿ ಇದ್ದವರು ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು, ಆದರೆ ಅವರು ಸೀರೆಯ ಮೇಲಿನ ಜಿಎಸ್‌ಟಿಯನ್ನು ಬೆಲೆಯೊಳಗೇ ಸೇರಿಸಬೇಕು. ನೋಂದಣಿ ಇಲ್ಲದ ಸಣ್ಣ ನೇಕಾರರಿಗೆ ಅದು ಪೂರ್ತಿ ಖರ್ಚೇ. ಇಲ್ಲಿ ನಾನು ಇವರ ಲೆಕ್ಕವನ್ನೇ ಹಾಕುತ್ತಿದ್ದೇನೆ.

ಮೂರನೆಯದೇ ದೊಡ್ಡ ಸೋರಿಕೆ: ವಾಪಸಾಗುವ ಸೀರೆ. 100 ಆರ್ಡರ್‌ಗಳಲ್ಲಿ 20 ಹಿಂದಿರುಗುತ್ತವೆ ಎನ್ನಿ. ಕಮಿಷನ್ ವಾಪಸ್ ಸಿಕ್ಕರೂ ಹೋಗುವ ಸಾಗಣೆಯ 83 ರೂಪಾಯಿ, ಬರುವ ಸಾಗಣೆಯ 142, ಪ್ಯಾಕಿಂಗ್‌ನ 20 ಹೋದಂತೆಯೇ. ಒಂದು ರಿಟರ್ನ್‌ಗೆ 245, ಇಪ್ಪತ್ತಕ್ಕೆ 4900. ಅದರಲ್ಲಿ ಎರಡು ಸೀರೆ ಕಲೆಯಾಗಿ ಬಂದರೆ ಇನ್ನೂ 1400. ಒಟ್ಟು 6300 ರೂಪಾಯಿಯನ್ನು 100 ಸೀರೆಗೆ ಹಂಚಬಾರದು. ಗ್ರಾಹಕರ ಬಳಿ ಉಳಿದ 80 ಸೀರೆಗಳೇ ಅದನ್ನು ಹೊರಬೇಕು. ಸೀರೆಗೆ 79 ರೂಪಾಯಿ.

ಈಗ ಸರಿಯಾದ ಬೆಲೆ: 720 + 112 + 79 + 120 = 1031. ಇದು ಕಮಿಷನ್ ಕಳೆದ ಮೇಲೆ ಕೈಗೆ ಸಿಗಬೇಕಾದ ಮೊತ್ತ. 100 ರೂಪಾಯಿಯಲ್ಲಿ ನಮಗೆ ಉಳಿಯೋದು 88.20. ಆದ್ದರಿಂದ ಕೂಡಿಸಬಾರದು, ಭಾಗಿಸಬೇಕು:

1031 ÷ 0.882 = 1169

ಹಾಗಾದರೆ 1019ಕ್ಕೆ ಮಾರಿದವರ ಗತಿ? ಕಮಿಷನ್ ಹೋಗಿ 899, ಶುಲ್ಕ ಹೋಗಿ 787, ಸೀರೆಯ ಖರ್ಚು ಹೋಗಿ 67, ರಿಟರ್ನ್ ಪಾಲು ಕಳೆದರೆ 12 ರೂಪಾಯಿ ನಷ್ಟ. ಮಾರಿದಷ್ಟೂ ನಷ್ಟ. ತಿಂಗಳ ಕೊನೆಗೆ ಇದು ತುಂಬಿಕೊಳ್ಳೋದು ಕೂಲಿಯಿಂದಲೇ, ಯಾಕಂದ್ರೆ ನೂಲಿನ ಅಂಗಡಿಯವರು ಸಾಲ ಬಿಡಲ್ಲ.

1169 ಇಟ್ಟರೂ ನೆಮ್ಮದಿಯಾಗಿರೋ ಹಾಗಿಲ್ಲ. ಹಬ್ಬದ ಸೇಲ್‌ಗೆ ನಿಮ್ಮ ಪಾಲಿನಿಂದ 10% ರಿಯಾಯಿತಿ ಒಪ್ಪಿಕೊಂಡರೆ 120ರ ಲಾಭ ಸುಮಾರು 17ಕ್ಕೆ ಇಳಿಯುತ್ತೆ. ರಿಟರ್ನ್ 20ರಿಂದ 30ಕ್ಕೆ ಏರಿದರೆ ಪ್ರತಿ ಸೀರೆಯ ಹೊರೆ 135. ಲಾಭ ಅರ್ಧಕ್ಕರ್ಧ ಮಾಯ. ಅದಕ್ಕೇ ಸೆಟ್ಲ್‌ಮೆಂಟ್ ವರದಿಯಲ್ಲಿ ಬ್ಯಾಂಕಿಗೆ ಬಂದ ಮೊತ್ತವನ್ನಷ್ಟೇ ನೋಡಬೇಡಿ. ಉಳಿದ ಸೀರೆಗಳ ಸಂಖ್ಯೆಯಿಂದ ಅದನ್ನು ಭಾಗಿಸಿ ನೋಡಿ. ನಮ್ಮ ಲೆಕ್ಕದಲ್ಲಿ ಅದು 860ರ ಆಸುಪಾಸು ಇರಲೇಬೇಕು. ಕಲೆಯಾದ ಸೀರೆ, ಹಾಳಾದ ಪ್ಯಾಕಿಂಗ್ ವರದಿಯಲ್ಲಿ ಕಾಣಲ್ಲ. ಅದನ್ನು ಪ್ರತ್ಯೇಕವಾಗಿ ಬರೆದಿಡಿ.

ಬೆಲೆ ಏರಿಸದೆ ಉಳಿಸುವ ದಾರಿಯೂ ಇದೆ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳ ಸೆಂಟಿಮೀಟರ್ ಗುಣಿಸಿ 5000ದಿಂದ ಭಾಗಿಸುತ್ತವೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. 35×25×10ರ ಡಬ್ಬಿಯಲ್ಲಿ ಅರ್ಧ ಕಿಲೋ ಸೀರೆ 1.75 ಕಿಲೋ ಆಗುತ್ತೆ. 30×25×3ರ ಚಪ್ಪಟೆ ಕವರ್‌ನಲ್ಲಿ ಆ ಲೆಕ್ಕ 0.45ಕ್ಕೆ ಇಳಿದು, ನಿಜ ತೂಕಕ್ಕಷ್ಟೇ ದರ ಬೀಳುತ್ತೆ. ಫೋಟೊವನ್ನು ಹಗಲ ಬೆಳಕಲ್ಲಿ ತೆಗೆದರೆ ‘ಬಣ್ಣ ಬೇರೆ’ ಎಂಬ ರಿಟರ್ನ್ ಕಮ್ಮಿಯಾಗುತ್ತೆ.

ಇನ್ನೊಂದು ಗೋಡೆ ನೇಕಾರರ ಕೈಯಲ್ಲಿಲ್ಲ. 2023ರ ಅಕ್ಟೋಬರ್ 1ರಿಂದ ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಬರೀ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಆನ್‌ಲೈನ್‌ನಲ್ಲಿ ಮಾರಬಹುದು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಅಂದರೆ ಬಾಗಲಕೋಟೆಯ ಸೀರೆ ಬೆಂಗಳೂರಿಗೆ ಹೋಗಬಹುದು, ಸೊಲ್ಲಾಪುರಕ್ಕೆ ಹೋಗೋ ಹಾಗಿಲ್ಲ. ಇಡೀ ದೇಶವೇ ಮಾರುಕಟ್ಟೆ ಎನ್ನುವವರನ್ನು ಈ ಗಡಿಯ ಬಗ್ಗೆ ಕೇಳಬೇಕು. ಅಲ್ಲಿಯವರೆಗೆ ನೇಕಾರರು ಕೂಲಿಯನ್ನು ‘ಉಳಿದರೆ ನೋಡೋಣ’ ಎಂದು ಬಿಡದೆ, ಲೆಕ್ಕದ ಮೊದಲ ಸಾಲಿನಲ್ಲೇ ಬರೆಯಲಿ.