ಮೇದೋಜೀರಕದ ರೋಗದಿಂದ ಬರುವ ಮಧುಮೇಹ

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಗೆ ಎರಡು ಕೆಲಸ. ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು ಕರುಳಿಗೆ ಬಿಡುವುದು ಒಂದು. ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು ಇನ್ನೊಂದು. ವರ್ಷಗಟ್ಟಲೆ ಉರಿಯೂತವಿದ್ದು ಗ್ರಂಥಿ ಗಟ್ಟಿಯಾಗಿ ಕುಗ್ಗಿದರೆ ಎರಡೂ ಕೆಡುತ್ತವೆ. ಆಗ ಬರುವ ಮಧುಮೇಹಕ್ಕೆ ವೈದ್ಯರು ಟೈಪ್ 3ಸಿ ಎನ್ನುತ್ತಾರೆ. ಮದ್ಯಪಾನ ಇದರ ಮುಖ್ಯ ಕಾರಣಗಳಲ್ಲೊಂದು. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯ ಮುಟ್ಟದ ಯುವಜನರಲ್ಲೂ ಗ್ರಂಥಿಯ ನಾಳದಲ್ಲಿ ಸುಣ್ಣದ ಕಲ್ಲುಗಳು ಕಟ್ಟಿ ಮಧುಮೇಹ ಬರುವುದುಂಟು.

ಇದನ್ನು ಟೈಪ್ 2 ಎಂದು ತಪ್ಪಾಗಿ ಭಾವಿಸುವುದು ಸುಲಭ. ಚಿಕ್ಕಂದಿನಿಂದ ಮರುಕಳಿಸುವ, ಬೆನ್ನಿಗೂ ಹರಡುವ ಹೊಟ್ಟೆನೋವು, ಇಳಿಯುತ್ತಿರುವ ತೂಕ, ಜಿಡ್ಡಾಗಿ ದುರ್ನಾತ ಬೀರುವ ಮಲ ಇದರ ಸುಳಿವುಗಳು. ಕಲ್ಲುಗಳು ಎಷ್ಟೋ ಸಲ ಹೊಟ್ಟೆಯ ಸಾಮಾನ್ಯ ಎಕ್ಸ್-ರೇಯಲ್ಲೇ ಕಾಣುತ್ತವೆ. ಮಲದಲ್ಲಿ ಎಲಾಸ್ಟೇಸ್ ಕಿಣ್ವ ಕಡಿಮೆಯಿದ್ದರೆ ಜೀರ್ಣಶಕ್ತಿಯೂ ಕುಂದಿದೆ ಎಂದರ್ಥ.

ಆರೈಕೆಯ ದೊಡ್ಡ ವ್ಯತ್ಯಾಸ ಸಕ್ಕರೆ ಇಳಿಯುವ ಅಪಾಯದಲ್ಲಿದೆ. ಸಕ್ಕರೆ ತೀರಾ ಇಳಿದಾಗ ಯಕೃತ್ತಿನ ದಾಸ್ತಾನಿನಿಂದ ಅದನ್ನು ಹೊರತೆಗೆಸುವುದು ಗ್ಲೂಕಗಾನ್ ಎಂಬ ಹಾರ್ಮೋನು. ಗ್ರಂಥಿ ಹಾಳಾದಾಗ ಇನ್ಸುಲಿನ್ ಜೊತೆ ಇದೂ ಕಡಿಮೆಯಾಗುತ್ತದೆ. ಇಂಥ ರೋಗಿಯೊಬ್ಬರು ರಾತ್ರಿ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು, ಹೊಟ್ಟೆನೋವಿನಿಂದ ಅರ್ಧ ಮುದ್ದೆಯಷ್ಟೇ ಉಂಡು ಮಲಗಿದರೆನ್ನಿ. ನಡುರಾತ್ರಿ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಶುರುವಾದಾಗ ಅದನ್ನು ಎತ್ತಲು ದೇಹಕ್ಕೆ ಬೇಗ ಆಗುವುದಿಲ್ಲ. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹೀಗಾಗದಂತೆ, ಊಟ ಕಡಿಮೆಯಾಗುವ ದಿನ ಇನ್ಸುಲಿನ್ ಎಷ್ಟು ತಗ್ಗಿಸಬೇಕೆಂದು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು.

ಎರಡನೆಯ ವ್ಯತ್ಯಾಸ ಕಿಣ್ವದ ಕ್ಯಾಪ್ಸೂಲು. ಜೀರ್ಣಶಕ್ತಿ ಕುಂದಿದ ವಯಸ್ಕರಿಗೆ ದೊಡ್ಡ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್ ಬೇಕಾಗುತ್ತದೆ. ಇದನ್ನು ಊಟದ ಜೊತೆಗೇ ನುಂಗಬೇಕು. ಉಂಡು ಬಹಳ ಹೊತ್ತಾದ ಮೇಲೆ ನುಂಗಿದರೆ ಆಹಾರದೊಡನೆ ಬೆರೆಯುವುದಿಲ್ಲ. ಕಿಣ್ವ ಶುರುವಾದ ಮೇಲೆ ತಿಂದದ್ದು ಮೈಗೆ ಹತ್ತುವುದರಿಂದ ಸಕ್ಕರೆ ಏರಬಹುದು. ಆಗ ಕಿಣ್ವ ನಿಲ್ಲಿಸದೆ ಇನ್ಸುಲಿನ್ ಸರಿಹೊಂದಿಸಬೇಕು. ಕೊಬ್ಬು ಹೀರಿಕೆಯಾಗದವರಿಗೆ ಎ, ಡಿ, ಇ, ಕೆ ಜೀವಸತ್ವಗಳ ಕೊರತೆಯೂ ಕಾಡುತ್ತದೆ. ಕಾರಣ ಯಾವುದೇ ಇರಲಿ, ಮದ್ಯ ಮತ್ತು ಧೂಮಪಾನ ಎರಡನ್ನೂ ಬಿಡಬೇಕು.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ರೋಗ. ಇದರಲ್ಲಿ ಅಂಟಾದ ಸ್ರಾವ ನಾಳಗಳನ್ನು ಕಟ್ಟಿ ಗ್ರಂಥಿಯನ್ನು ಕೆಡಿಸುತ್ತದೆ. ಇವರಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಹಜವಾಗಿದ್ದರೂ ಮಧುಮೇಹ ಇರಬಹುದು. ಆದ್ದರಿಂದ 10 ವರ್ಷ ತುಂಬುವ ಹೊತ್ತಿನಿಂದ ಪ್ರತಿವರ್ಷ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕು. ಮಧುಮೇಹ ಖಚಿತವಾದರೆ ಇನ್ಸುಲಿನ್ನೇ ಮುಖ್ಯ ಚಿಕಿತ್ಸೆ. ತೂಕ ಕುಸಿದರೆ ಶ್ವಾಸಕೋಶವೂ ಸೋಲುವುದರಿಂದ ಇವರ ಊಟ ಕಡಿಮೆ ಮಾಡಬಾರದು. ಊಟಕ್ಕೆ ತಕ್ಕಂತೆ ಇನ್ಸುಲಿನ್ ಕೊಡಬೇಕು.