ಫೋಟೊ ಹೋಯಿತು, ದುಡ್ಡು ಯಾಕೆ ಬರಲಿಲ್ಲ?

ಹಾಸನದ ಹುಡುಗಿಯೊಬ್ಬಳು ಓದಲು ನ್ಯೂಜೆರ್ಸಿಗೆ ಹೋಗಿ, ಬ್ಯಾಂಕ್ ಖಾತೆ ತೆರೆದು ಮೂರು ವಾರವಾಗಿದೆ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೆಲಸ ಮಾಡಿದ ಸಣ್ಣ ಕಂಪನಿಯಿಂದ 3,200 ಡಾಲರಿನ ಚೆಕ್ ಅಂಚೆಯಲ್ಲಿ ಬಂತು. 2025ರ ಆಗಸ್ಟ್ 29, ಶುಕ್ರವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಅದರ ಹಿಂದೆ ಸಹಿ ಹಾಕಿ, ಎರಡೂ ಬದಿಯ ಫೋಟೊ ತೆಗೆದು ಬ್ಯಾಂಕಿನ ಆ್ಯಪ್‌ನಲ್ಲಿ ಕಳಿಸಿದಳು. ‘ಸ್ವೀಕರಿಸಿದ್ದೇವೆ’ ಎಂದು ಆ್ಯಪ್ ತಕ್ಷಣ ಹೇಳಿತು. ದುಡ್ಡು ಕೈಗೆ ಸಿಕ್ಕಿದ್ದು ಸೆಪ್ಟೆಂಬರ್ 11, ಗುರುವಾರ. ಊರಿನಿಂದ ತಾಯಿ ದಿನಾ ಫೋನಿನಲ್ಲಿ ‘ದುಡ್ಡು ಬಂತೇನೇ?’ ಎಂದರೆ ಇವಳದು ಒಂದೇ ಉತ್ತರ: ‘ಇನ್ನೂ ಪೆಂಡಿಂಗ್ ಅಂತಿದೆ ಅಮ್ಮ.’

ಬ್ಯಾಂಕನ್ನು ಕೇಳಿದರೆ ‘ಏಳೇ ದಿನ ತಡೆಹಿಡಿದಿದ್ದೇವೆ’ ಎನ್ನುತ್ತದೆ. ಕ್ಯಾಲೆಂಡರಿನಲ್ಲಿ ಎಣಿಸಿದರೆ ಹದಿಮೂರು. ಇಬ್ಬರ ಮಾತೂ ನಿಜ.

ಮೊದಲ ನಾಲ್ಕು ದಿನ ಹೋದದ್ದು ಗಡಿಯಾರದ ದೆಸೆಯಿಂದ. ಆ್ಯಪ್ ಇಪ್ಪತ್ತನಾಲ್ಕು ಗಂಟೆ ತೆರೆದಿದ್ದರೂ ಬ್ಯಾಂಕಿನ ದಿನಕ್ಕೆ ಒಂದು ಕೊನೆಯಿದೆ. ಈ ಬ್ಯಾಂಕಿನಲ್ಲಿ ಅದು ರಾತ್ರಿ ಒಂಬತ್ತು. ಆಮೇಲೆ ಬಂದದ್ದು ಮುಂದಿನ ಕೆಲಸದ ದಿನದ ಲೆಕ್ಕಕ್ಕೆ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಲೇಬರ್ ಡೇ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೂ ರಜೆ. ಹೀಗಾಗಿ ಶುಕ್ರವಾರದ ಚೆಕ್ ಬ್ಯಾಂಕಿನ ಪುಸ್ತಕದಲ್ಲಿ ಮಂಗಳವಾರ, ಸೆಪ್ಟೆಂಬರ್ 2ರಂದು ಜಮಾ ಆಯಿತು. ಅಲ್ಲಿಂದ ಏಳು ಕೆಲಸದ ದಿನ ಎಣಿಸಿದರೆ ಸಿಗುವುದು 11ನೇ ತಾರೀಖೇ. ಮುಕ್ಕಾಲು ಗಂಟೆ ಮೊದಲು ಕಳಿಸಿದ್ದರೆ ಶುಕ್ರವಾರವೇ ಜಮಾ ದಿನವಾಗಿ, ಎಣಿಕೆ ಒಂದು ಕೆಲಸದ ದಿನ ಹಿಂದೆ ಸರಿಯುತ್ತಿತ್ತು.

ಆದರೆ ಆ ಏಳು ದಿನವಾದರೂ ಯಾಕೆ? ಫೋಟೊ ಪ್ರಯಾಣಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ. 2004ರ ಅಕ್ಟೋಬರ್ 28ರಂದು ‘ಚೆಕ್ 21’ ಎಂಬ ಕಾನೂನು ಜಾರಿಗೆ ಬಂದ ಮೇಲೆ ಅಮೆರಿಕದಲ್ಲಿ ಕಾಗದದ ಚೆಕ್ಕನ್ನು ವಿಮಾನದಲ್ಲಿ ಸಾಗಿಸುವ ಪದ್ಧತಿ ಕ್ರಮೇಣ ನಿಂತು, ಚೆಕ್ಕಿನ ಚಿತ್ರವೇ ಓಡಾಡತೊಡಗಿತು. ನಮ್ಮ ಹುಡುಗಿಯ ಚೆಕ್ಕಿನ ಚಿತ್ರವೂ ಮಂಗಳವಾರ ರಾತ್ರಿಯೇ ಫೆಡರಲ್ ರಿಸರ್ವ್ ಮೂಲಕವೋ ಬ್ಯಾಂಕುಗಳ ನಡುವಿನ ವಿನಿಮಯ ಜಾಲದ ಮೂಲಕವೋ ಹೊರಟು, ಬುಧವಾರ ಕಂಪನಿಯ ಬ್ಯಾಂಕನ್ನು ತಲುಪಿತು ಎನ್ನೋಣ.

ತಡವಾಗುವುದು ಆಮೇಲೆ. ಕಂಪನಿಯ ಖಾತೆಯಲ್ಲಿ ಹಣವಿದ್ದು, ಸಹಿ ಸರಿಯಿದ್ದು, ಎಲ್ಲವೂ ಸುಸೂತ್ರವಾದರೆ ಆ ಬ್ಯಾಂಕು ಹುಡುಗಿಯ ಬ್ಯಾಂಕಿಗೆ ‘ಚೆಕ್ ಪಾಸಾಯಿತು’ ಎಂದು ತಿಳಿಸುವ ಪದ್ಧತಿಯೇ ಇಲ್ಲ. ಪಾಸಾಗದಿದ್ದರೆ ಮಾತ್ರ ಚೆಕ್ ವಾಪಸ್ ಬರುತ್ತದೆ. ಒಪ್ಪಿಗೆಗೆ ಮೌನವೇ ಗುರುತು. ಬುಧವಾರ ಕೈಸೇರಿದ ಚೆಕ್ಕನ್ನು ತಿರಸ್ಕರಿಸಲು ಕಂಪನಿಯ ಬ್ಯಾಂಕಿಗೆ ಗುರುವಾರ ಮಧ್ಯರಾತ್ರಿಯವರೆಗೆ ಕಾಲಾವಕಾಶವಿದೆ. ಬೇಗ ವಾಪಸ್ ಮಾಡಬೇಕೆಂಬ ನಿಯಮದಂತೆ ಅದು ಶುಕ್ರವಾರ ಮಧ್ಯಾಹ್ನ ಎರಡರೊಳಗೆ ಹುಡುಗಿಯ ಬ್ಯಾಂಕನ್ನು ತಲುಪಬೇಕು. ಶುಕ್ರವಾರ ಸಂಜೆಯವರೆಗೆ ಏನೂ ಬರದಿದ್ದರೆ ‘ಬಹುಶಃ ಪಾಸಾಗಿದೆ’ ಎಂದು ಊಹಿಸಿಕೊಳ್ಳಬಹುದು, ಅಷ್ಟೇ. ಅದರ ಮೇಲಿನ ನಾಲ್ಕು ಕೆಲಸದ ದಿನಗಳು ಬ್ಯಾಂಕು ತನ್ನ ಧೈರ್ಯಕ್ಕೆ ಇಟ್ಟುಕೊಂಡದ್ದು.

ಇಲ್ಲಿ ನಮ್ಮ ದೇಶದ ವ್ಯವಸ್ಥೆಯನ್ನು ನೆನೆಯಬೇಕು. ಚೆಕ್ಕನ್ನು ಬ್ಯಾಂಕಿಗೇ ಒಯ್ದು ಕೊಡಬೇಕು, ಚಿತ್ರ ತೆಗೆಯುವವರು ಅವರು. ಅಷ್ಟರ ಮಟ್ಟಿಗೆ ನಾವು ಹಿಂದೆ. ಆದರೆ 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ತಂದ ಕ್ರಮದಲ್ಲಿ, ಹಣ ಕೊಡಬೇಕಾದ ಬ್ಯಾಂಕು ಹೌದೋ ಅಲ್ಲವೋ ಎಂದು ಗಡುವಿನೊಳಗೆ ಹೇಳಲೇಬೇಕು. ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಅಮೆರಿಕದ ಚೆಕ್ಕಿಗೆ ಇಂಥ ಖಚಿತ ಉತ್ತರದ ಭಾಗ್ಯವಿಲ್ಲ.

ಹಾಗಾದರೆ ಪಕ್ಕದ ಕೋಣೆಯ ಗೆಳತಿಗೆ ಮರುದಿನವೇ ದುಡ್ಡು ಬರುವುದು ಹೇಗೆ? ಅವಳ ಬ್ಯಾಂಕು ಅವಳನ್ನು ನಂಬಿ ಮುಂಗಡ ಕೊಡುತ್ತಿದೆ. ಕ್ಲಿಯರಿಂಗ್ ಮುಗಿಯುವ ಮೊದಲೇ ಖಾತೆಯಲ್ಲಿ ಕಾಣಿಸುವ ಹಣವೆಲ್ಲ ಒಂದು ಬಗೆಯ ಕೈಸಾಲವೇ. ಅದನ್ನು ಕೊಡಬೇಕೋ ಬೇಡವೋ ಎಂದು ಬ್ಯಾಂಕಿನ ಕಂಪ್ಯೂಟರು ಅಳೆಯುವಾಗ ಚೆಕ್ಕಿಗಿಂತ ಹೆಚ್ಚಾಗಿ ಖಾತೆದಾರರನ್ನೇ ನೋಡುತ್ತದೆ: ಖಾತೆ ಎಷ್ಟು ಹಳೆಯದು, ಸಂಬಳ ಅದಕ್ಕೇ ಬರುತ್ತದೆಯೇ, ಹಿಂದೆ ಯಾವುದಾದರೂ ಚೆಕ್ ಬೌನ್ಸ್ ಆಗಿದೆಯೇ, ಈ ಮೊತ್ತ ಎಂದಿನದಕ್ಕಿಂತ ಬಹಳ ದೊಡ್ಡದೇ. ಚೆಕ್ ಬರೆದವರ ಖಾತೆಯೂ ಅದೇ ಬ್ಯಾಂಕಿನಲ್ಲಿದ್ದರೆ ಕೆಲಸ ಸುಲಭ, ಉತ್ತರ ಮನೆಯೊಳಗೇ ಸಿಗುತ್ತದೆ.

ಗ್ರಾಹಕರಿಗೆ ಕಾನೂನಿನ ರಕ್ಷಣೆ ಇಲ್ಲದಿಲ್ಲ. ‘ರೆಗ್ಯುಲೇಷನ್ ಸಿಸಿ’ ಎಂಬ ನಿಯಮದ ಪ್ರಕಾರ ಸಾಮಾನ್ಯ ಚೆಕ್ಕಿನ ಮೊದಲ 275 ಡಾಲರನ್ನು ಮರುದಿನ, ಉಳಿದದ್ದನ್ನು ಸಾಮಾನ್ಯವಾಗಿ ಎರಡನೇ ಕೆಲಸದ ದಿನ ಬಿಡುಗಡೆ ಮಾಡಬೇಕು. ಆದರೆ ಮೂವತ್ತು ದಿನ ತುಂಬದ ಹೊಸ ಖಾತೆ, ಒಂದೇ ದಿನ 6,725 ಡಾಲರಿಗೆ ಮೀರಿದ ಜಮೆ, ಒಮ್ಮೆ ವಾಪಸಾಗಿ ಮತ್ತೆ ಬಂದ ಚೆಕ್, ಅನುಮಾನಕ್ಕೆ ಆಧಾರವಿರುವ ಚೆಕ್ ಇವಕ್ಕೆ ವಿನಾಯಿತಿ ಇದೆ. ನಮ್ಮ ಹುಡುಗಿ ಸಿಕ್ಕಿಬಿದ್ದದ್ದು ಮೊದಲನೆಯದರಲ್ಲಿ. ಇನ್ನೂ ಒಂದು ತೊಡಕಿದೆ: ಈ ಗಡುವುಗಳನ್ನು ಬರೆದದ್ದು ಕಾಗದದ ಚೆಕ್ಕಿಗಾಗಿ. ಫೋಟೊಗೆ ಅವು ಅನ್ವಯಿಸುವುದಿಲ್ಲ ಎಂದು ಅನೇಕ ಬ್ಯಾಂಕುಗಳು ಆ್ಯಪ್‌ನ ಒಪ್ಪಂದಪತ್ರದಲ್ಲಿ ಬರೆದಿರುತ್ತವೆ. ನಾವು ಓದದೆ ‘ಒಪ್ಪಿದೆ’ ಒತ್ತುವ ಆ ಪತ್ರವೇ ಇಲ್ಲಿ ಕಾನೂನು. ತುರ್ತಿದ್ದರೆ ಕಾಗದವನ್ನು ಶಾಖೆಯ ಕೌಂಟರಿಗೆ ಒಯ್ಯುವುದೇ ಲೇಸು. ಕಂಪನಿಯ ಬ್ಯಾಂಕಿಗೇ ಹೋಗಿ ನಗದು ಕೇಳುವ ದಾರಿಯೂ ಇದೆ, ಅವರು ಶುಲ್ಕ ಕೇಳಬಹುದು.

ತಡೆಹಿಡಿದದ್ದಕ್ಕೆ ಸಿಟ್ಟಾಗುವವರು ತಡೆಹಿಡಿಯದಿದ್ದಾಗ ಆಗುವುದನ್ನೂ ತಿಳಿಯಬೇಕು. ಅರೆಕಾಲಿಕ ಕೆಲಸದ ಆಸೆ ತೋರಿಸಿ ವಿದ್ಯಾರ್ಥಿಗಳಿಗೆ ಚೆಕ್ ಕಳಿಸುವ ವಂಚಕರಿದ್ದಾರೆ. ‘ನಿನ್ನ ಸಂಬಳ ಇಟ್ಟುಕೊಂಡು ಉಳಿದದ್ದಕ್ಕೆ ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳಿಸು’ ಎನ್ನುತ್ತಾರೆ. ಮರುದಿನ ಖಾತೆಯಲ್ಲಿ ಹಣ ಕಾಣಿಸುತ್ತದೆ, ಹುಡುಗ ನಂಬಿ ಕಳಿಸುತ್ತಾನೆ. ನಾಲ್ಕಾರು ದಿನಕ್ಕೆ ನಕಲಿ ಚೆಕ್ ವಾಪಸ್ ಬಂದಾಗ ಬ್ಯಾಂಕು ಪೂರ್ತಿ ಮೊತ್ತವನ್ನು ಅವನ ಖಾತೆಯಿಂದಲೇ ಕಳೆಯುತ್ತದೆ. ವಂಚಕನ ಬಂಡವಾಳವೆಲ್ಲ ಆ ನಾಲ್ಕಾರು ದಿನಗಳ ಮೌನವೇ.

ಚೆಕ್ ಹಿಂದೆ ಸಹಿಯ ಕೆಳಗೆ ‘ಫಾರ್ ಮೊಬೈಲ್ ಡಿಪಾಸಿಟ್ ಓನ್ಲಿ’ ಎಂದು ಬ್ಯಾಂಕಿನ ಹೆಸರಿನೊಂದಿಗೆ ಬರೆಯಿರಿ ಎಂದು ಆ್ಯಪ್ ಕಾಡುವುದಕ್ಕೂ ಕಾರಣವಿದೆ. ಫೋಟೊ ಕಳಿಸಿದ ಮೇಲೂ ಕಾಗದ ನಮ್ಮ ಕೈಯಲ್ಲೇ ಉಳಿಯುತ್ತದೆ. ಅದನ್ನೇ ಇನ್ನೊಂದು ಬ್ಯಾಂಕಿನಲ್ಲಿ ಕಟ್ಟಿದರೆ? 2018ರ ಜುಲೈಯಿಂದ, ಇಂಥ ಬರಹವಿಲ್ಲದ ಕಾಗದವನ್ನು ಎರಡನೇ ಬ್ಯಾಂಕು ಪಡೆದು ಅದಕ್ಕೆ ನಷ್ಟವಾದರೆ ಫೋಟೊ ಪಡೆದ ಬ್ಯಾಂಕೇ ತುಂಬಿಕೊಡಬೇಕು. ಬರಹ ಮರೆತ ಫೋಟೊವನ್ನು ಬಹಳಷ್ಟು ಆ್ಯಪ್‌ಗಳು ತಿರಸ್ಕರಿಸುತ್ತವೆ, ಆಗ ಗಡಿಯಾರ ಮತ್ತೆ ಮೊದಲಿನಿಂದ ಶುರು. ಪೆಂಡಿಂಗ್ ನೋಡಿ ಬೇಸತ್ತು ಅದೇ ಚೆಕ್ಕನ್ನು ಶಾಖೆಗೆ ಒಯ್ದು ಕಟ್ಟುವವರಿದ್ದಾರೆ. ಅವರಿಗೆ ಸಿಗುವುದು ಎರಡು ಬಾರಿ ಜಮಾ ಮಾಡಿದ ಅನುಮಾನ ಮತ್ತು ಇನ್ನಷ್ಟು ತಡ. ದುಡ್ಡು ಬಿಡುಗಡೆಯಾಗಿ ಬ್ಯಾಂಕು ಹೇಳಿದ ಅವಧಿ ಕಳೆಯುವವರೆಗೆ ಕಾಗದವನ್ನು ಜೋಪಾನವಾಗಿಟ್ಟು, ಆಮೇಲೆ ಹರಿದುಹಾಕಬೇಕು.