ಸಂದರ್ಶನದಲ್ಲಿ ನಡೆದ ಸಂಗತಿ ಹೇಳುವ ಬಗೆ



ನಿಮ್ಮ ಮಗನೋ ಮಗಳೋ ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೊರಟಿರಬಹುದು. ಅಲ್ಲಿ ಓದಿದ ವಿಷಯದ ಪ್ರಶ್ನೆಗಳಲ್ಲದೆ ಇನ್ನೊಂದು ಬಗೆಯ ಪ್ರಶ್ನೆಯನ್ನೂ ಕೇಳುವುದುಂಟು. “ಕೆಲಸದಲ್ಲಿ ಬಂದ ತೊಂದರೆಯನ್ನು ನೀವು ಬಗೆಹರಿಸಿದ ಒಂದು ಪ್ರಸಂಗ ಹೇಳಿ” ಎನ್ನುತ್ತಾರೆ. ಹಿಂದೆ ನಡೆದುಕೊಂಡಂತೆಯೇ ಬಹುಮಟ್ಟಿಗೆ ಮುಂದೆಯೂ ನಡೆದುಕೊಳ್ಳುವರು ಎಂಬುದು ಕೇಳುವವರ ಲೆಕ್ಕ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವೂ ಮಾರುವವನ ಹೊಗಳಿಕೆಯನ್ನು ನೆಚ್ಚದೆ ಅದನ್ನು ನಡೆಸಿ ನೋಡುತ್ತೀರಲ್ಲವೆ?

ಈ ಪ್ರಶ್ನೆಗೆ “ನಾನು ಕಷ್ಟಪಟ್ಟು ದುಡಿಯುತ್ತೇನೆ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ” ಎಂದರೆ ಉತ್ತರವಾಗಲಿಲ್ಲ. ನಡೆದ ಒಂದೇ ಸಂಗತಿಯನ್ನು ನಾಲ್ಕು ಮೆಟ್ಟಿಲಲ್ಲಿ ಹೇಳಬೇಕು: ಸನ್ನಿವೇಶ ಏನಿತ್ತು, ತನ್ನ ಹೊಣೆ ಏನಾಗಿತ್ತು, ತಾನು ಏನು ಮಾಡಿದೆ, ಫಲವೇನಾಯಿತು. ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳನ್ನು ಕೂಡಿಸಿ ಇದಕ್ಕೆ ಸ್ಟಾರ್ ಕ್ರಮವೆಂದು ಹೆಸರಿಟ್ಟಿದ್ದಾರೆ.

ಒಬ್ಬ ಹುಡುಗ ಡೇರಿಯೊಂದರ ಮೇಲ್ವಿಚಾರಕನ ಕೆಲಸಕ್ಕೆ ಹೋಗಿದ್ದಾನೆಂದು ಇಟ್ಟುಕೊಳ್ಳಿ. ಅವನು ಹೀಗೆ ಹೇಳಬಹುದು:

“ನಮ್ಮೂರ ಹಾಲಿನ ಸಂಘದಲ್ಲಿ ನಾನು ಒಂದು ವರ್ಷ ಸಂಜೆಯ ಹಾಲು ಅಳೆಯುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ನಾಲ್ಕು ಸಲ, ಹಾಲು ಒಡೆದಿದೆಯೆಂದು ನಮ್ಮ 40 ಲೀಟರಿನ ಕ್ಯಾನು ಹಿಂದಕ್ಕೆ ಬಂತು. ಕಾರಣ ಹುಡುಕುವ ಹೊಣೆಯನ್ನು ಕಾರ್ಯದರ್ಶಿಗಳು ನನಗೆ ಕೊಟ್ಟರು. ಮೂರು ಸಂಜೆ ಪ್ರತಿ ಮನೆಯ ಹಾಲಿನಿಂದ 5 ಮಿಲಿಲೀಟರು ಗಾಜಿನ ಕೊಳವೆಗೆ ತೆಗೆದು ಕುದಿಸಿ ನೋಡಿದೆ. ಮೂರು ಮನೆಯ ಹಾಲು ಒಡೆಯಿತು. ಹಾಲು ಕರೆಯುವ ಹೊತ್ತಿಗೆ ಆ ಮನೆಗಳಿಗೆ ಹೋದೆ. ಎರಡು ಮನೆಯಲ್ಲಿ ಬೆಳಿಗ್ಗೆ ಉಳಿದ ಹಾಲನ್ನು ಸಂಜೆಯ ಹಾಲಿಗೆ ಬೆರೆಸುತ್ತಿದ್ದರು. ಇನ್ನೊಂದು ಮನೆಯ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳದ ಸಂದಿಯಲ್ಲಿ ಹಳೆಯ ಹಾಲು ಅಂಟಿತ್ತು. ಒಬ್ಬ ಹಿರಿಯರು ಒಪ್ಪಲಿಲ್ಲ. ಅವರೆದುರಿಗೇ ಕುದಿಸಿ ತೋರಿಸಿದೆ. ಆಮೇಲೆ ಆ ಮೂರು ಮನೆಯ ಹಾಲನ್ನು ದಿನವೂ ಕುದಿಸಿ ನೋಡಿಯೇ ಕ್ಯಾನಿಗೆ ಸುರಿದೆ. ಮೇ ತಿಂಗಳಲ್ಲಿ ಒಂದೇ ಸಲ ಕ್ಯಾನು ಹಿಂದಕ್ಕೆ ಬಂತು. ಅದು ಗಾಡಿ ಕೆಟ್ಟು ಮೂರು ಗಂಟೆ ತಡವಾದ ದಿನ.”

ಇದರಲ್ಲಿ ಸನ್ನಿವೇಶಕ್ಕೆ ಎರಡು ಮಾತು, ಹೊಣೆಗೆ ಒಂದು ಮಾತು ಸಾಕಾಯಿತು. ಅರ್ಧಕ್ಕಿಂತ ಹೆಚ್ಚು ಮಾತು ತಾನು ಮಾಡಿದ ಕೆಲಸಕ್ಕೇ ಹೋಯಿತು. ಹುಡುಗರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಸಂಘ ಯಾವಾಗ ಆಯಿತು, ಊರಲ್ಲಿ ಎಷ್ಟು ಹಸುಗಳಿವೆ ಎಂದು ಕಥೆ ಬೆಳೆಸಿ, ಕೊನೆಗೆ “ಹೇಗೋ ಸರಿಹೋಯಿತು” ಎಂದು ಮುಗಿಸುತ್ತಾರೆ. ಆ “ಹೇಗೋ” ಎಂಬುದನ್ನೇ ಅಲ್ಲಿ ಕೇಳಿದ್ದು.

ಇನ್ನೊಂದು ತೊಡಕು ನಮ್ಮ ಹಳ್ಳಿಯ ಮರ್ಯಾದೆಯಿಂದಲೇ ಬರುತ್ತದೆ. ನಾಲ್ಕು ಜನ ಕೂಡಿ ಮಾಡಿದ ಕೆಲಸವನ್ನು “ನಾನು ಮಾಡಿದೆ” ಎನ್ನಲು ನಮ್ಮ ಮಕ್ಕಳಿಗೆ ನಾಲಿಗೆ ಹೊರಳದು. “ನಾವು ಪರೀಕ್ಷೆ ಮಾಡಿದೆವು, ನಾವು ಹೋಗಿ ಹೇಳಿದೆವು” ಎಂದರೆ, ಇವನು ಕುದಿಸಿದನೋ ನಿಂತು ನೋಡಿದನೋ ಕೇಳುವವರಿಗೆ ತಿಳಿಯದು. ತನ್ನ ಕೈಯಿಂದ ನಡೆದದ್ದಕ್ಕೆ “ನಾನು”, ಇತರರು ಮಾಡಿದ್ದಕ್ಕೆ ಅವರ ಹೆಸರು, ಇಷ್ಟೇ ನಿಯಮ. ಇದು ಜಂಭವಲ್ಲ, ಲೆಕ್ಕ ಒಪ್ಪಿಸುವುದು.

ಮನಸ್ಸಿನಲ್ಲಿ ಸಲೀಸಾಗಿ ತೋರಿದ ಉತ್ತರ ಬಾಯಿಗೆ ಬಂದಾಗ ತಡವರಿಸುತ್ತದೆ. ಆದುದರಿಂದ ಗಟ್ಟಿಯಾಗಿ ಹೇಳಿಯೇ ಅಭ್ಯಾಸವಾಗಬೇಕು. ರಾತ್ರಿ ಊಟವಾದ ಮೇಲೆ ನೀವೇ ಎದುರು ಕುಳಿತು ಪ್ರಶ್ನೆ ಕೇಳಿ, ಗಡಿಯಾರ ನೋಡಿ. ಒಂದೂವರೆಯಿಂದ ಎರಡು ನಿಮಿಷ ತಕ್ಕ ಅಳತೆ. ಮೂರು ದಾಟಿದರೆ ಸನ್ನಿವೇಶ ಉದ್ದವಾಗಿದೆಯೇ ಎಂದು ಮೊದಲು ನೋಡಿ. ಮೊಬೈಲಿನಲ್ಲಿ ಧ್ವನಿ ಹಿಡಿದು ಮಗನಿಗೇ ಕೇಳಿಸಿದರೆ ಇನ್ನೂ ಒಳ್ಳೆಯದು. ಆದರೆ ಬರೆದು ಬಾಯಿಪಾಠ ಮಾಡಿಸಬೇಡಿ. ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ನಾಲ್ಕು ಮೆಟ್ಟಿಲು ನೆನಪಿದ್ದರೆ ಮಾತು ದಿನಕ್ಕೊಂದು ಬಗೆಯಾದರೂ ಚಿಂತೆಯಿಲ್ಲ.

ಫಲ ಕೆಟ್ಟದ್ದಾಗಿದ್ದರೆ ಅದನ್ನೂ ಹಾಗೆಯೇ ಹೇಳಲಿ. ಮರುಸಲ ಏನು ಬದಲಾಯಿಸಿದೆ ಎಂಬ ಮಾತು ಸೇರಿಸಲಿ. ಆದರೆ ಕಟ್ಟಿದ ಕಥೆ ಬೇಡ. ಉತ್ತರ ಮುಗಿದೊಡನೆ “ಆ ಹಿರಿಯರು ಏನೆಂದು ವಾದಿಸಿದರು? ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತು? ಸಾಲಿನಲ್ಲಿ ನಿಂತವರು ಗೊಣಗಲಿಲ್ಲವೆ?” ಎಂದು ಕೆದಕುತ್ತಾರೆ. ಮನೆಯ ಅಭ್ಯಾಸದಲ್ಲಿ ನೀವೂ ಹೀಗೆ ಮೂರು ಮರುಪ್ರಶ್ನೆ ಹಾಕಿ. ನಿಜವಾಗಿ ಕೊಳವೆ ಹಿಡಿದು ನಿಂತವನು ಸ್ವಲ್ಪ ಯೋಚಿಸಿಯಾದರೂ ಉತ್ತರ ಕೊಡುತ್ತಾನೆ.